ಅಪ್ಪನಿಗಾಗಿ ರಾತ್ರಿ ಒಂಬತ್ತಕ್ಕೆ ಟಿವಿ ತಾನಾಗಿಯೇ ನ್ಯೂಸ್ ಚಾನೆಲ್‌ಗೆ ಬರಬೇಕು, ಸೆಟ್‌ಟಾಪ್ ಬಾಕ್ಸ್ ಮಾತು ಕೇಳುತ್ತಿಲ್ಲ

ತುಂಗೆ_ದಡದವಳು

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪನಿಗೆ ಈಗ 79. ತೀರ್ಥಹಳ್ಳಿ ಹತ್ತಿರದ ಊರಿನಲ್ಲಿ ಅಪ್ಪ, ಅಮ್ಮ ಇಬ್ಬರೇ ಇದ್ದಾರೆ. ನಾನಿರುವುದು ಬೆಂಗಳೂರಿನಲ್ಲಿ. ರಾತ್ರಿ ಒಂಬತ್ತರ ವಾರ್ತೆ ನೋಡದೆ ಅಪ್ಪನಿಗೆ ದಿನ ಮುಗಿದ ಹಾಗೆ ಅನ್ನಿಸಲ್ಲ. ಆದರೆ ಈಗ ರಿಮೋಟ್‌ನ ಸಣ್ಣ ಗುಂಡಿಗಳು ಕಣ್ಣಿಗೆ ಕಾಣಲ್ಲ, ಕೈ ಬೇರೆ ನಡುಗುತ್ತದೆ. ಟಿವಿಗೊಂದು ರಿಮೋಟ್, ಡಿಶ್ ಬಾಕ್ಸ್‌ಗೊಂದು ರಿಮೋಟ್. ಯಾವುದೋ ಗುಂಡಿ ಒತ್ತಿ ಪರದೆಯ ಮೇಲೆ "ನೋ ಸಿಗ್ನಲ್" ಅಂತ ಬಂದರೆ ಅವತ್ತಿನ ವಾರ್ತೆ ಹೋದ ಹಾಗೆಯೇ. ಅಮ್ಮನಿಗೂ ಅದನ್ನು ಸರಿ ಮಾಡಲು ಬರಲ್ಲ.

ಹಾಗಾಗಿ ಒಂದು ವೈಫೈ ಐಆರ್ ಬ್ಲಾಸ್ಟರ್ ತಂದೆ, RM4 mini. ರಿಮೋಟ್ ಬದಲು ಅದೇ ಸಿಗ್ನಲ್ ಬಿಡುವ ಪುಟ್ಟ ಡಬ್ಬಿ. ಅದರ ಆ್ಯಪ್‌ನಲ್ಲಿ ಎರಡೂ ರಿಮೋಟ್‌ಗಳನ್ನು ಕಲಿಸಿ, ಒಂಬತ್ತಕ್ಕೆ ಒಂದು ಶೆಡ್ಯೂಲ್ ಇಟ್ಟೆ. ಮೊದಲು ಟಿವಿ ಪವರ್, ಆಮೇಲೆ ಬಾಕ್ಸ್ ಪವರ್, ಆಮೇಲೆ ಚಾನೆಲ್ ನಂಬರ್ 1655.

ಎರಡು ತೊಂದರೆ ಬಂದಿವೆ. ಒಂದು, ಅಮ್ಮ ಎಂಟೂವರೆಗೇ ಟಿವಿ ಹಾಕಿ ಕೂತಿದ್ದ ದಿನ ಸರಿಯಾಗಿ ಒಂಬತ್ತಕ್ಕೆ ಟಿವಿ ಆಫ್ ಆಯಿತು. ಅದು ಯಾಕೆ ಅಂತ ನನಗೆ ಅರ್ಥವಾಗಿದೆ. ಎರಡನೆಯದು ಅರ್ಥವೇ ಆಗುತ್ತಿಲ್ಲ. 1655 ಅಂತ ಕಳಿಸಿದರೆ ಬಾಕ್ಸ್ ಬರೀ 165 ಅಂತ ತೋರಿಸಿ ಇನ್ಯಾವುದೋ ಚಾನೆಲ್‌ಗೆ ಹೋಗುತ್ತದೆ. ಸುಮ್ನೆ ಪರೀಕ್ಷೆಗೆ ಅಂತ 1642 ಕೊಟ್ಟು ನೋಡಿದೆ, ಅದು ಸರಿಯಾಗಿ ಹೋಯಿತು! ರಿಮೋಟ್‌ನಿಂದಲೇ ಒತ್ತಿದರೆ 1655 ಕೂಡ ಸರಿ. ಡಬ್ಬಿ ಹಾಳಾಗಿದೆಯಾ?

ಗ್ಯಾಜೆಟ್_ಗಿರಿ

ಮೇಡಂ, ಇಷ್ಟೆಲ್ಲ ಕಷ್ಟ ಯಾಕೆ? ಗೂಗಲ್ ಹೋಮ್ ಆ್ಯಪ್‌ನಲ್ಲಿ ರೂಟೀನ್ ಅಂತ ಇದೆ. ಸಮಯ ಕೊಡಿ, ಟಿವಿ ಆನ್ ಮಾಡು ಅಂತ ಹೇಳಿ, ನ್ಯೂಸ್ ಹಾಕು ಅಂತ ಹೇಳಿ. ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಏಳಕ್ಕೆ ಹಾಗೇ ಬರುತ್ತದೆ. ಐದು ನಿಮಿಷದ ಕೆಲಸ.

ಬೆಸುಗೆ_ಕಡ್ಡಿ

ಗಿರಿ, ನಿಮ್ಮದು ಆಂಡ್ರಾಯ್ಡ್ ಟಿವಿ ಇರಬೇಕು, ಅಲ್ವಾ? ನಿಮ್ಮ ಮನೆಯಲ್ಲಿ ವಾರ್ತೆ ಬರುವುದು ಟಿವಿಯ ಒಳಗಿನ ಆ್ಯಪ್‌ನಿಂದ. ಇವರ ಮನೆಯಲ್ಲಿ ಅದು HDMI ತಂತಿಯ ಆ ಕಡೆ ಇರುವ ಬಾಕ್ಸ್‌ನಿಂದ ಬರುತ್ತದೆ. ಟಿವಿಗೆ ಎಷ್ಟೇ ಹೇಳಿದರೂ ಆ ಬಾಕ್ಸ್‌ನಲ್ಲಿ ಚಾನೆಲ್ ಬದಲಾಗಲ್ಲ. ಡಿಶ್ ಅಥವಾ ಕೇಬಲ್ ಬಾಕ್ಸ್ ಇರುವ ಹೆಚ್ಚಿನ ಮನೆಗಳಲ್ಲಿ ರೂಟೀನ್ ಎಡವುವುದು ಇಲ್ಲೇ.

ಆದರೆ ನೀವು ಹೇಳಿದ್ದರಲ್ಲಿ ಒಂದು ಮಾತು ಸರಿ. ನೆಟ್‌ವರ್ಕ್ ಮೂಲಕ ಟಿವಿಗೆ "ಆನ್ ಆಗು" ಅಂತ ಹೇಳಿದರೆ, ಅದು ಮೊದಲೇ ಆನ್ ಇದ್ದರೂ ಆಫ್ ಆಗಲ್ಲ. ರಿಮೋಟ್‌ನ ಪವರ್ ಗುಂಡಿ ಹಾಗಲ್ಲ. ಇದ್ದ ಸ್ಥಿತಿಯನ್ನು ತಿರುಗಿಸುವುದಷ್ಟೇ ಅದಕ್ಕೆ ಗೊತ್ತು.

ಮೇಡಂ, ನಿಮ್ಮ ಟಿವಿ ಸ್ಮಾರ್ಟ್ ಟಿವಿಯಾ? ಊರಲ್ಲಿ ನೆಟ್ ಹೇಗಿದೆ?

ತುಂಗೆ_ದಡದವಳು

ಅಲ್ಲ ಸರ್. ಹಳೆಯ 32 ಇಂಚಿನ ಸಾದಾ ಎಲ್‌ಇಡಿ. ನೆಟ್ ಇದೆ, ಆದರೆ ಮಳೆಗಾಲದಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕರೆಂಟ್ ಕೂಡ ಹಾಗೆಯೇ.

ಪುಟ್ಟಣ್ಣಿ_ಮಂಡ್ಯ

ನಿಮ್ಮ ಬಾಕ್ಸ್‌ನಲ್ಲಿ ರೆಕಾರ್ಡಿಂಗ್ ಸೌಲಭ್ಯ ಇದ್ದರೆ, ಪೆನ್‌ಡ್ರೈವ್ ಹಾಕಿ ಸಮಯ ಇಟ್ಟರೆ ಒಂಬತ್ತರ ವಾರ್ತೆ ತಾನೇ ರೆಕಾರ್ಡ್ ಆಗುತ್ತದೆ. ಬೆಳಿಗ್ಗೆ ಆರಾಮಾಗಿ ನೋಡಬಹುದಲ್ಲ?

ತುಂಗೆ_ದಡದವಳು

ರೆಕಾರ್ಡ್ ಬೇಡ ಅಣ್ಣ. ಬೆಳಿಗ್ಗೆಗೆ ಪೇಪರ್ ಬರುತ್ತದೆ. ಅವರಿಗೆ ರಾತ್ರಿ ಊಟ ಆದ ಮೇಲೆ ನೇರ ವಾರ್ತೆಯೇ ಬೇಕು.

ರಿಪೇರಿ_ರಾಯರು

ಹಾಸನದಲ್ಲಿ ಮೂವತ್ತು ವರ್ಷ ಟಿವಿ ರಿಪೇರಿ ಮಾಡಿದವನು ನಾನು. ಮೊದಲು ಟಿವಿಯ ಮೆನುವಿನಲ್ಲಿ ಟೈಮ್ ಅಥವಾ ಟೈಮರ್ ಅನ್ನುವ ಜಾಗ ನೋಡಿ ತಾಯಿ. ತುಂಬ ಟಿವಿಗಳಲ್ಲಿ On Timer ಅಂತ ಇರುತ್ತದೆ. ಸಮಯ ಕೊಟ್ಟರೆ ಟಿವಿ ತಾನೇ ಆನ್ ಆಗುತ್ತದೆ, ಎಷ್ಟು ವಾಲ್ಯೂಮ್ ಅಂತಲೂ ಇಡಬಹುದು. ಮೊದಲೇ ಆನ್ ಇದ್ದರೆ ಆಫ್ ಮಾಡಲ್ಲ. ಬಾಕ್ಸ್‌ನಲ್ಲೂ ಕಾರ್ಯಕ್ರಮಗಳ ಪಟ್ಟಿಗೆ ಹೋಗಿ ಒಂಬತ್ತರ ವಾರ್ತೆಗೆ ರಿಮೈಂಡರ್ ಇಡಿ. ಕೆಲವು ಬಾಕ್ಸ್ ಆ ಹೊತ್ತಿಗೆ ತಾವೇ ಆ ಚಾನೆಲ್‌ಗೆ ಹೋಗುತ್ತವೆ. ಕೆಲವು ಬರೀ ಒಂದು ಚೀಟಿ ತೋರಿಸಿ ಓಕೆ ಒತ್ತು ಅನ್ನುತ್ತವೆ. ಖರ್ಚಿಲ್ಲದ ದಾರಿ, ಮೊದಲು ಇದನ್ನು ನೋಡಿ.

ಇನ್ನೊಂದು ಮಾತು. ಟಿವಿ ರಿಮೋಟ್‌ನಲ್ಲಿ ಸೋರ್ಸ್ ಅಥವಾ ಇನ್‌ಪುಟ್ ಅಂತ ಗುಂಡಿ ಇರುತ್ತದಲ್ಲ, ಅದರ ಮೇಲೆ ದಪ್ಪ ಬಟ್ಟೆ ಟೇಪ್ ಅಂಟಿಸಿ. ಗುಂಡಿ ಒತ್ತಲು ಬರದ ಹಾಗೆ ಎರಡು ಪದರ. ನೋ ಸಿಗ್ನಲ್ ಅಂತ ಅಂಗಡಿಗೆ ಬಂದವರಲ್ಲಿ ಎಷ್ಟೋ ಜನರಿಗೆ ನಾನು ಮಾಡಿಕೊಟ್ಟದ್ದು ಇಷ್ಟೇ.

ಬೆಸುಗೆ_ಕಡ್ಡಿ

ರಾಯರ ಟೇಪ್ ಉಪಾಯ ಇವತ್ತೇ ಮಾಡಿ. ಯಾವ ಆಟೊಮೇಷನ್‌ಗಿಂತಲೂ ಅದು ಗಟ್ಟಿ.

ಆದರೆ ಆನ್ ಟೈಮರ್ ಬಗ್ಗೆ ಒಂದು ಎಚ್ಚರಿಕೆ. ನೆಟ್ ಇಲ್ಲದ ಹಳೆಯ ಟಿವಿಗಳಲ್ಲಿ ಗಡಿಯಾರವನ್ನು ಕೈಯಿಂದ ಇಡಬೇಕು. ಕರೆಂಟ್ ಪೂರ್ತಿ ಹೋದರೆ ಎಷ್ಟೋ ಟಿವಿಗಳಲ್ಲಿ ಆ ಸಮಯ ಅಳಿಸಿಹೋಗುತ್ತದೆ. ಸಮಯ ಇಲ್ಲ ಅಂದಮೇಲೆ ಟೈಮರ್ ಕೂಡ ಇಲ್ಲ. ಮಲೆನಾಡಿನ ಜುಲೈ ತಿಂಗಳಲ್ಲಿ ಇದು ನಡೆಯುವ ಮಾತಲ್ಲ. ಇನ್ನು ಕೆಲವು ಟಿವಿಗಳು ಟೈಮರ್‌ನಿಂದ ಆನ್ ಆದಾಗ ಎರಡು ಗಂಟೆ ಯಾರೂ ಗುಂಡಿ ಮುಟ್ಟದಿದ್ದರೆ ತಾವೇ ಆಫ್ ಆಗುತ್ತವೆ. ಅಪ್ಪ ನೋಡುತ್ತಾ ನಿದ್ದೆ ಹೋಗುವವರಾದರೆ ಅದು ಒಳ್ಳೆಯದೇ.

ಈಗ ಆ 1655ರ ವಿಷಯ. ನಿಮ್ಮ ಡಬ್ಬಿ ಸರಿಯಾಗಿದೆ ಮೇಡಂ. ನೀವೇ ಸುಳಿವು ಕೊಟ್ಟಿದ್ದೀರಿ: 1642 ಹೋಗುತ್ತದೆ, 1655 ಹೋಗಲ್ಲ. ವ್ಯತ್ಯಾಸ ಏನು? ಐದು ಎರಡು ಸಲ ಇದೆ.

ಕೆಲವು ರಿಮೋಟ್‌ಗಳು ಪ್ರತಿ ಸಲ ಗುಂಡಿ ಒತ್ತಿದಾಗಲೂ ಸಿಗ್ನಲ್ ಒಳಗೆ ಒಂದು ಗುರುತನ್ನು ಬದಲಾಯಿಸುತ್ತವೆ. RC5, RC6 ಅನ್ನುವ ಬಗೆಯ ರಿಮೋಟ್‌ಗಳಲ್ಲಿ ಇದನ್ನು ಟಾಗಲ್ ಬಿಟ್ ಅನ್ನುತ್ತಾರೆ. ಮೊದಲ ಸಲ ಐದು ಒತ್ತಿದರೆ ಗುರುತು ಸೊನ್ನೆ, ಎರಡನೇ ಸಲ ಒತ್ತಿದರೆ ಒಂದು. ನೀವು ಐದನ್ನು ಎರಡು ಸಲ ಒತ್ತಿದಿರಾ, ಇಲ್ಲ ಒಂದೇ ಸಲ ಒತ್ತಿ ಬೆರಳು ಇಟ್ಟುಕೊಂಡೇ ಇದ್ದೀರಾ ಅಂತ ಬಾಕ್ಸ್‌ಗೆ ತಿಳಿಯುವುದು ಈ ಗುರುತಿನಿಂದ. ನಿಮ್ಮ ಬ್ಲಾಸ್ಟರ್ ಐದನ್ನು ಒಂದೇ ಸಲ ಕಲಿತಿದೆ. ಹಾಗಾಗಿ ಎರಡು ಸಲವೂ ಒಂದೇ ಗುರುತಿನ ಐದನ್ನು ಕಳಿಸುತ್ತದೆ. ಬೆರಳು ಇನ್ನೂ ಗುಂಡಿಯ ಮೇಲೇ ಇದೆ ಅಂದುಕೊಂಡು ಬಾಕ್ಸ್ ಎರಡನೇ ಐದನ್ನು ಬಿಟ್ಟುಬಿಡುತ್ತದೆ. ಉಳಿದದ್ದು 165.

ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. 1655 ಬದಲು ಬೇರೆ ಯಾವುದಾದರೂ ಜೋಡಿ ಅಂಕಿಯ ಚಾನೆಲ್ ಕಳಿಸಿ ನೋಡಿ, 1644 ಅಂದುಕೊಳ್ಳಿ. ಅದೂ 164ಕ್ಕೆ ನಿಂತರೆ ಅನುಮಾನವೇ ಬೇಡ.

ತುಂಗೆ_ದಡದವಳು

ಅಮ್ಮನಿಗೆ ಫೋನ್ ಹಚ್ಚಿ ನೋಡಿದೆ ಸರ್. ಹೌದು, 164 ಅಂತಲೇ ತೋರಿಸಿತಂತೆ! ಎರಡು ವಾರದಿಂದ ಇದಕ್ಕೆ ಒದ್ದಾಡುತ್ತಿದ್ದೆ. ಇದಕ್ಕೆ ಪರಿಹಾರ ಏನು?

ಗ್ಯಾಜೆಟ್_ಗಿರಿ

ಎರಡು ಐದುಗಳ ನಡುವೆ ಸಮಯ ಜಾಸ್ತಿ ಕೊಡಿ. ಎರಡು ಸೆಕೆಂಡ್ ಬಿಟ್ಟು ಕಳಿಸಿದರೆ ಬಾಕ್ಸ್ ಬೇರೆ ಅಂತ ತಿಳಿಯುತ್ತದೆ.

ಬೆಸುಗೆ_ಕಡ್ಡಿ

ಕೆಲವು ಬಾಕ್ಸ್‌ಗಳಲ್ಲಿ ಆಗುತ್ತದೆ ಗಿರಿ. ಆದರೆ ನಂಬರ್ ಒತ್ತಲು ಬಾಕ್ಸ್ ಕಾಯುವುದೇ ಎರಡು ಮೂರು ಸೆಕೆಂಡ್. ಅಷ್ಟರಲ್ಲಿ ಮುಂದಿನ ಅಂಕಿ ಬರದಿದ್ದರೆ 165ಕ್ಕೆ ಹೊರಟುಬಿಡುತ್ತದೆ. ತುಂಬ ಬೇಗ ಕಳಿಸಿದರೂ ಅಂಕಿ ತಪ್ಪುತ್ತದೆ, ತುಂಬ ನಿಧಾನ ಆದರೂ ತಪ್ಪುತ್ತದೆ. ಮನುಷ್ಯ ಒತ್ತುವ ವೇಗವೇ ಸರಿ, ಒಂದೊಂದು ಅಂಕಿಗೆ ಮುಕ್ಕಾಲು ಸೆಕೆಂಡ್‌ನ ಆಸುಪಾಸು.

ಸರಿಯಾದ ದಾರಿ ಅಂದರೆ ಪ್ರತಿ ಅಂಕಿಗೂ ಎರಡು ಸಿಗ್ನಲ್ ಕಲಿಸುವುದು, ಕಳಿಸುವಾಗ ಒಂದು ಬಿಟ್ಟು ಒಂದು ಕಳಿಸುವುದು. ಇದಕ್ಕೆ ನಾನು ಹೋಮ್ ಅಸಿಸ್ಟೆಂಟ್ ಅನ್ನುವ, ಮನೆಯ ಉಪಕರಣಗಳನ್ನು ನಡೆಸುವ ತಂತ್ರಾಂಶ ಬಳಸುತ್ತೇನೆ. ಊರಿನ ಮನೆಯಲ್ಲೇ ಒಂದು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಅಥವಾ ಹಳೆಯ ಲ್ಯಾಪ್‌ಟಾಪ್ ಮೇಲೆ ಓಡುತ್ತದೆ. ನಿಮ್ಮಲ್ಲಿರುವ ಬ್ಲಾಸ್ಟರ್‌ನೊಂದಿಗೆ ಅದು ಮನೆಯ ವೈಫೈನಲ್ಲೇ ಮಾತಾಡುವುದರಿಂದ ಹೊರಗಿನ ನೆಟ್ ಹೋದರೂ ರೂಟೀನ್ ನಡೆಯುತ್ತದೆ. ಒಂದು ಸಲ ಕಲಿಸುವುದು ಹೀಗೆ:

```yaml
action: remote.learn_command
target:
  entity_id: remote.hall
data:
  device: stb
  command: ["5"]
  alternative: true
```

ಕೊನೆಯ ಸಾಲೇ ಮುಖ್ಯ. ಅದಿದ್ದರೆ ಒಂದೇ ಗುಂಡಿಯನ್ನು ಎರಡು ಸಲ ಒತ್ತಲು ಕೇಳುತ್ತದೆ, ಎರಡು ಗುರುತೂ ಸಿಗುತ್ತವೆ. ರಿಮೋಟ್ ಅನ್ನು ಬ್ಲಾಸ್ಟರ್‌ನಿಂದ ಒಂದು ಗೇಣು ದೂರ ಹಿಡಿದು ಸಣ್ಣಗೆ ಒತ್ತಿ ಬಿಡಬೇಕು. ಒತ್ತಿ ಹಿಡಿದರೆ ಸಿಗ್ನಲ್ ಉದ್ದವಾಗಿ ಕಲಿತುಬಿಡುತ್ತದೆ. ಇದಕ್ಕೆ ನೀವು ಒಂದು ಸಲ ಊರಿಗೆ ಹೋಗಲೇಬೇಕು.

ಡಾಲಸ್_ಕನ್ನಡಿಗ

ಮೇಡಂ, ನಾನೂ ಇದನ್ನೇ ಮಾಡಿ ಒಂದು ಪಾಠ ಕಲಿತಿದ್ದೇನೆ. ನಮ್ಮ ಅತ್ತೆ ಮಾವ ದಾವಣಗೆರೆಯಲ್ಲಿದ್ದಾರೆ. ಇಲ್ಲಿಂದಲೇ ನನ್ನ ಖಾತೆಯಲ್ಲಿ ರೂಟೀನ್ ಮಾಡಿದ್ದೆ, ನಮ್ಮ ಬೆಳಗಿನ ಹತ್ತೂವರೆಗೆ. ಬೇಸಿಗೆಯಲ್ಲಿ ಅದು ಅಲ್ಲಿನ ರಾತ್ರಿ ಒಂಬತ್ತು. ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತು. ಭಾರತದಲ್ಲಿ ಆ ಪದ್ಧತಿ ಇಲ್ಲವಲ್ಲ. ಅವತ್ತಿನಿಂದಲೇ ಅಲ್ಲಿ ಹತ್ತಕ್ಕೆ ಟಿವಿ ಆನ್ ಆಗಲು ಶುರುವಾಯಿತು. ಮಾವ ಮಲಗಿದ ಮೇಲೆ ಹಾಲ್‌ನಲ್ಲಿ ಜೋರಾಗಿ ವಾರ್ತೆ. ಅವರು ಕಳ್ಳ ಬಂದ ಅಂತ ಎದ್ದು ಕೂತಿದ್ದರು, ನನಗೆ ತುಂಬ ಬೇಜಾರಾಯಿತು. ಹೊರದೇಶದಲ್ಲಿ ಇರುವವರು ದಯವಿಟ್ಟು ನೋಡಿಕೊಳ್ಳಿ. ಸಮಯವನ್ನು ಲೆಕ್ಕ ಹಾಕುವ ಯಂತ್ರದ ಟೈಮ್ ಜೋನ್ `Asia/Kolkata` ಇರಬೇಕು.

ಮಲ್ಲಿಗೆ_ಹಂಬು

ಎಲ್ಲ ಸರಿ. ನನ್ನದೊಂದು ಪ್ರಶ್ನೆ. ನಿಮ್ಮ ಅಮ್ಮ ಎಂಟೂವರೆಗೆ ಟಿವಿ ಹಾಕುತ್ತಾರೆ ಅಂದಿರಿ. ಅವರು ಏನು ನೋಡುತ್ತಾರೆ? ಒಂಬತ್ತಕ್ಕೆ ಅವರ ಧಾರಾವಾಹಿ ನಡೆಯುತ್ತಿದ್ದರೆ ಯಂತ್ರ ಬಂದು ಚಾನೆಲ್ ಕಿತ್ತುಕೊಳ್ಳುತ್ತದಲ್ಲ? ಅಪ್ಪ ಕೈಯಿಂದ ಬದಲಾಯಿಸಿದರೆ ಅವರು "ಐದು ನಿಮಿಷ ತಡೀರಿ" ಅನ್ನಬಹುದು. ಯಂತ್ರಕ್ಕೆ ಹೇಗೆ ಹೇಳುತ್ತಾರೆ?

ತುಂಗೆ_ದಡದವಳು

ಅಕ್ಕ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಅಮ್ಮನನ್ನು ಕೇಳಿದೆ. ಧಾರಾವಾಹಿ ಮುಗಿಯುವುದು ಒಂಬತ್ತಕ್ಕೇ ಅಂತೆ, ಆದರೆ ಕೆಲವು ದಿನ "ಮಹಾಸಂಚಿಕೆ" ಅಂತ ಒಂಬತ್ತೂವರೆವರೆಗೆ ಹೋಗುತ್ತದಂತೆ. ಟಿವಿ ಆಫ್ ಆದ ದಿನ ಅವರು ನನಗೆ ಹೇಳಲೇ ಇಲ್ಲ, ಅಪ್ಪ ಹೇಳಿದ್ದು.

ಬೆಸುಗೆ_ಕಡ್ಡಿ

ಮಲ್ಲಿಗೆಯವರ ಪ್ರಶ್ನೆಗೂ ಪವರ್ ಗುಂಡಿಯ ತೊಂದರೆಗೂ ಒಂದೇ ಉತ್ತರ ಇದೆ. ಟಿವಿ ಈಗ ಆನ್ ಇದೆಯಾ ಅಂತ ರೂಟೀನ್‌ಗೆ ಗೊತ್ತಿರಬೇಕು. ಐಆರ್ ಬ್ಲಾಸ್ಟರ್ ಕೂಗುತ್ತದೆ ಅಷ್ಟೇ, ಟಿವಿ ಅದಕ್ಕೆ ತಿರುಗಿ ಉತ್ತರ ಕೊಡಲ್ಲ.

ಟಿವಿಯನ್ನು ಕರೆಂಟ್ ಅಳೆಯುವ ಸ್ಮಾರ್ಟ್ ಪ್ಲಗ್‌ಗೆ ಹಾಕಿ. ಹೋಮ್ ಅಸಿಸ್ಟೆಂಟ್‌ಗೆ ಸೇರುವ ಪ್ಲಗ್ ಅಂತ ನೋಡಿಕೊಂಡು ತನ್ನಿ. 32 ಇಂಚಿನ ಟಿವಿ ನಡೆಯುವಾಗ ಮೂವತ್ತು ನಲವತ್ತು ವಾಟ್ ಎಳೆಯುತ್ತದೆ, ರಿಮೋಟ್‌ನಲ್ಲಿ ಆಫ್ ಮಾಡಿದಾಗ ಒಂದು ವಾಟ್‌ನ ಹತ್ತಿರ. ನಡುವೆ ಹತ್ತು ವಾಟ್ ಅಂತ ಗೆರೆ ಎಳೆದರೆ ತಪ್ಪುವ ಮಾತೇ ಇಲ್ಲ. ಪ್ಲಗ್ ಇರುವುದು ಅಳೆಯುವುದಕ್ಕೆ ಮಾತ್ರ. ಅದನ್ನು ಆನ್ ಆಫ್ ಮಾಡಬೇಡಿ.

ಬಾಕ್ಸ್‌ಗೆ ಈ ಉಪಾಯ ನಡೆಯಲ್ಲ. ಎಷ್ಟೋ ಬಾಕ್ಸ್‌ಗಳು ಸ್ಟ್ಯಾಂಡ್‌ಬೈನಲ್ಲೂ ಹೆಚ್ಚುಕಮ್ಮಿ ಅಷ್ಟೇ ಕರೆಂಟ್ ಎಳೆಯುತ್ತವೆ. ಆದ್ದರಿಂದ ಬಾಕ್ಸ್‌ನ ಪವರ್ ಗುಂಡಿಯನ್ನು ರೂಟೀನ್‌ನಿಂದಲೇ ತೆಗೆದುಬಿಡಿ. ಬಾಕ್ಸ್ ಸದಾ ಆನ್ ಇರಲಿ, ಅದರ ಮೆನುವಿನಲ್ಲಿ ತಾನಾಗಿ ಸ್ಟ್ಯಾಂಡ್‌ಬೈಗೆ ಹೋಗುವ ಸೆಟ್ಟಿಂಗ್ ಇದ್ದರೆ ಅದನ್ನೂ ನಿಲ್ಲಿಸಿ. ಹತ್ತು ವಾಟ್ ಅಂದುಕೊಂಡರೂ ತಿಂಗಳಿಗೆ ಸುಮಾರು ಏಳು ಯೂನಿಟ್.

ನನ್ನ ಮನೆಯಲ್ಲಿ ಇರುವುದು ಹೀಗೆ:

```yaml
triggers:
  - trigger: time
    at: "20:58:00"
conditions:
  - condition: numeric_state
    entity_id: sensor.tv_plug_power
    below: 10
actions:
  - action: remote.send_command
    target:
      entity_id: remote.hall
    data:
      device: tv
      command: power
  - delay: "00:00:25"
  - action: remote.send_command
    target:
      entity_id: remote.hall
    data:
      device: stb
      command: ["exit", "1", "6", "5", "5"]
      delay_secs: 0.8
```

ಟಿವಿ ಆಫ್ ಇದ್ದರೆ ಮಾತ್ರ ಇದು ನಡೆಯುತ್ತದೆ. ಯಾರಾದರೂ ನೋಡುತ್ತಿದ್ದರೆ ಯಂತ್ರ ಸುಮ್ಮನಿರುತ್ತದೆ. ಇಪ್ಪತ್ತೈದು ಸೆಕೆಂಡ್ ಕಾಯುವುದು ಚಿತ್ರ ಬಂದ ಮೇಲೆ ನಂಬರ್ ಹೋಗಲಿ ಅಂತ. ಅಪ್ಪ ಅಂಕಿ ಬೀಳುವುದನ್ನು ಕಣ್ಣಾರೆ ನೋಡಿದರೆ ಏನು ನಡೆಯುತ್ತಿದೆ ಅಂತ ಅವರಿಗೂ ಗೊತ್ತಾಗುತ್ತದೆ. ಮೊದಲು exit ಯಾಕೆ ಅಂದರೆ, ಬಾಕ್ಸ್ ಪರದೆಯ ಮೇಲೆ ಏನಾದರೂ ಸಂದೇಶ ನಿಂತಿದ್ದರೆ ಮೊದಲ ಅಂಕಿಯನ್ನು ಅದೇ ನುಂಗುತ್ತದೆ. 1655 ಹೋಗಿ 655 ಆಗುತ್ತದೆ.

ಖಾನಾವಳಿ_ಧಾರವಾಡ

ನಮಸ್ಕಾರ್ರೀ. ನಮ್ಮ ಖಾನಾವಳಿಯೊಳಗ ಮಧ್ಯಾಹ್ನ ಒಂದಕ್ಕ ನ್ಯೂಸ್ ಬರೂ ಹಂಗ ಇದನ್ನ ಮಾಡೇನಿ. ಟಿವಿ ಆನ್ ಆಗತೈತಿ, ಬಾಕ್ಸ್ ಮಾತ್ರ ಒಂದ್ ದಿನ ಕೇಳತೈತಿ, ಮತ್ತೊಂದ್ ದಿನ ಕೇಳಂಗಿಲ್ಲ. ಚಾನೆಲ್ ನಂಬರ್‌ನ್ಯಾಗ ಜೋಡಿ ಅಂಕಿ ಏನೂ ಇಲ್ಲ. ಇದಕ್ಕೇನು ಮಾಡೂದ್ರೀ?

ರಿಪೇರಿ_ರಾಯರು

ಬಾಕ್ಸ್ ಎಲ್ಲಿಟ್ಟಿದ್ದೀರಿ? ಮರದ ಕಪಾಟಿನ ಒಳಗಾ?

ಖಾನಾವಳಿ_ಧಾರವಾಡ

ಹೌದ್ರೀ ಸರ್. ಎಣ್ಣಿ ಜಿಡ್ಡು ಹತ್ತಬಾರದು ಅಂತ ಗಾಜಿನ ಬಾಗಿಲದ ಕಪಾಟಿನ್ಯಾಗ ಇಟ್ಟೇವಿ. ಬ್ಲಾಸ್ಟರ್ ಕಪಾಟಿನ ಮ್ಯಾಲೆ ಐತಿ.

ರಿಪೇರಿ_ರಾಯರು

ಅಲ್ಲೇ ಇದೆ. ಬ್ಲಾಸ್ಟರ್ ಬಿಡುವ ಸಿಗ್ನಲ್ ಬೆಳಕು ಸ್ವಾಮಿ, ಕಣ್ಣಿಗೆ ಕಾಣದ ಬೆಳಕು ಅಷ್ಟೇ. ಮರದ ಹಲಗೆ ದಾಟಿ ಹೋಗಲ್ಲ. ನಿಮ್ಮದು ಎದುರಿನ ಗೋಡೆಗೆ ಬಡಿದು ವಾಪಸ್ ಬಂದು, ಜಿಡ್ಡು ಹಿಡಿದ ಗಾಜಿನ ಮೂಲಕ ಬಾಕ್ಸ್‌ಗೆ ಮುಟ್ಟುತ್ತಿದೆ. ನಡುವೆ ಗಿರಾಕಿ ನಿಂತರೆ ಮುಗಿಯಿತು. ಬ್ಲಾಸ್ಟರ್ ಅನ್ನು ಎದುರು ಗೋಡೆಗೆ ಹಾಕಿ, ಬಾಕ್ಸ್‌ನ ಮುಖ ಅದಕ್ಕೆ ಕಾಣಬೇಕು. ಗಾಜು ಒರೆಸಿ. ಬ್ಲಾಸ್ಟರ್ ಸಿಗ್ನಲ್ ಬಿಡುತ್ತಿದೆಯೋ ಇಲ್ಲವೋ ನೋಡಬೇಕಾದರೆ ಫೋನಿನ ಸೆಲ್ಫಿ ಕ್ಯಾಮೆರಾ ತೆರೆದು ಅದರ ಮುಂದೆ ಹಿಡಿಯಿರಿ. ಕಳಿಸುವಾಗ ನೇರಳೆ ಬಣ್ಣದಲ್ಲಿ ಮಿಣುಕುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಎಷ್ಟೋ ಫೋನ್‌ಗಳಲ್ಲಿ ಕಾಣಲ್ಲ.

ತುಂಗೆ_ದಡದವಳು

ಹಬ್ಬಕ್ಕೆ ಊರಿಗೆ ಹೋಗಿ ಬಂದೆ. ಏನಾಯಿತು ಅಂತ ಹೇಳುತ್ತೇನೆ.

ಮೊದಲ ಸಂಜೆಯೇ ಜಗಲಿಯಲ್ಲಿ ಕೂತು ಅಂಕಿಗಳನ್ನೆಲ್ಲ ಎರಡೆರಡು ಸಲ ಕಲಿಸಿದೆ. ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪ್ರತಿ ಅಂಕಿಯನ್ನೂ ಜೋರಾಗಿ ಹೇಳುತ್ತಿದ್ದರು. ಐದು ಬಂದಾಗ "ಇದೇ ಅಲ್ವಾ ತರಲೆ ಮಾಡ್ತಿದ್ದದ್ದು" ಅಂದರು. 1655 ಈಗ ಒಂದು ಸಲವೂ ತಪ್ಪಿಲ್ಲ. ಸೋರ್ಸ್ ಗುಂಡಿಯ ಮೇಲೆ ಟೇಪ್ ಹಾಕಿದೆ. ಪ್ಲಗ್ ಹಾಕಿ ನೋಡಿದರೆ ನಮ್ಮ ಟಿವಿ ನಡೆಯುವಾಗ 36 ವಾಟ್, ಆಫ್ ಇದ್ದಾಗ ಅರ್ಧ ವಾಟ್.

ಅಮ್ಮನ ವಿಷಯ ಅವರಿಬ್ಬರೇ ಮಾತಾಡಿಕೊಂಡರು. ಟಿವಿ ಆನ್ ಇದ್ದರೆ ಯಂತ್ರ ಮುಟ್ಟಬಾರದು ಅಂತ ಅಪ್ಪನೇ ಹೇಳಿದರು. ಆದರೆ ಧಾರಾವಾಹಿ ಮುಗಿದ ಮೇಲೆ ಅಮ್ಮನಿಗೆ ನಾಲ್ಕು ಅಂಕಿ ಒತ್ತುವುದು ಕಷ್ಟ. ಅದಕ್ಕೆ ಒಂದು ವೈಫೈ ಗುಂಡಿ ತಂದು ಅಪ್ಪನ ಕುರ್ಚಿಯ ತೋಳಿಗೆ ಅಂಟಿಸಿದ್ದೇನೆ. ಒತ್ತಿದರೆ exit ಮತ್ತು ಅಂಕಿಗಳು ಮಾತ್ರ ಹೋಗುತ್ತವೆ, ಪವರ್ ಹೋಗಲ್ಲ.

ಹನ್ನೆರಡು ರಾತ್ರಿಗಳಲ್ಲಿ ಒಂದೇ ದಿನ ತಪ್ಪಿತು. ಅವತ್ತು ಕರೆಂಟ್ ಹೋಗಿ ಒಂಬತ್ತು ಗಂಟೆ ಮೂರು ನಿಮಿಷಕ್ಕೆ ಬಂತು. ಆಮೇಲೆ ರೂಟೀನ್ ನಡೆಯಲೇ ಇಲ್ಲ.

ಬೆಸುಗೆ_ಕಡ್ಡಿ

ಹೌದು, 20:58ಕ್ಕೆ ಪೈ ಎಚ್ಚರ ಇರಲಿಲ್ಲವಲ್ಲ. ದಾಟಿಹೋದ ಸಮಯಕ್ಕೆ ಅದು ಹಿಂದೆ ಹೋಗಲ್ಲ. ಇನ್ನೊಂದು ಟ್ರಿಗರ್ ಸೇರಿಸಿ: `trigger: homeassistant` ಮತ್ತು `event: start`. ಜೊತೆಗೆ ಸಮಯ 20:57ರಿಂದ 21:20ರ ಒಳಗೆ ಇದ್ದರೆ ಮಾತ್ರ ಅಂತ ಒಂದು ಷರತ್ತು. ಇಲ್ಲದಿದ್ದರೆ ನಡುರಾತ್ರಿ ಕರೆಂಟ್ ಬಂದಾಗ ಟಿವಿ ಹಾಡಲು ಶುರು ಮಾಡುತ್ತದೆ. ಆದರೆ ಆ ಹೊತ್ತಿಗೆ ರೂಟರ್ ಎದ್ದಿರಬೇಕು, ಬ್ಲಾಸ್ಟರ್ ವೈಫೈ ಹಿಡಿದಿರಬೇಕು, ಬಾಕ್ಸ್ ಸಿಗ್ನಲ್ ಹುಡುಕಿ ಮುಗಿಸಿರಬೇಕು. ಈ ಹೊಸ ಟ್ರಿಗರ್‌ನಿಂದ ಶುರುವಾದಾಗ ಮಾತ್ರ ಕ್ರಿಯೆಗಳ ಮೊದಲಿಗೆ ಮೂರು ನಿಮಿಷ ಕಾಯಿಸಿ, ಟಿವಿ ಆಫ್ ಇದೆಯಾ ಅನ್ನುವ ಷರತ್ತನ್ನು ಅದಾದ ಮೇಲೆ ಇಟ್ಟು ನೋಡಿ.

ರಿಪೇರಿ_ರಾಯರು

ಪೈ, ರೂಟರ್, ಬ್ಲಾಸ್ಟರ್ ಮೂರನ್ನೂ ಇನ್ವರ್ಟರ್ ಲೈನಿಗೆ ಹಾಕಿ. ಬಾಕ್ಸ್ ಕೂಡ.

ತುಂಗೆ_ದಡದವಳು

ರಾಯರೇ, ನಮ್ಮ ಇನ್ವರ್ಟರ್ ಲೈನ್ ಅಡುಗೆಮನೆ ಮತ್ತು ಮಲಗುವ ಕೋಣೆಗೆ ಮಾತ್ರ ಇದೆ. ಹಾಲ್‌ಗೆ ವೈರ್ ಎಳೆಸಬೇಕು. ಮಳೆ ನಿಂತ ಮೇಲೆ ಬರುತ್ತೇನೆ ಅಂದಿದ್ದಾರೆ ಎಲೆಕ್ಟ್ರಿಷಿಯನ್. ಅಲ್ಲಿಯವರೆಗೆ ಆ ಮೂರು ನಿಮಿಷದ ಉಪಾಯ ಹಾಕಿದ್ದೇನೆ. ನಿನ್ನೆ ಎಂಟೂ ಐವತ್ತಕ್ಕೆ ಕರೆಂಟ್ ಹೋಗಿ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಬಂತು. ಟಿವಿ ಆನ್ ಆಯಿತಂತೆ. ಚಾನೆಲ್ ಮಾತ್ರ ಬಾಕ್ಸ್ ಶುರುವಾದಾಗ ಬರುವ ಜಾಹೀರಾತಿನಲ್ಲೇ ನಿಂತಿತ್ತಂತೆ. ಅಪ್ಪ ಕುರ್ಚಿಯ ಗುಂಡಿ ಒತ್ತಿ ಸರಿ ಮಾಡಿಕೊಂಡರು. ಮೂರು ನಿಮಿಷ ಸಾಲುತ್ತಿಲ್ಲವಾ, ಇಲ್ಲ ಆ ಜಾಹೀರಾತಿನ ಪರದೆ exitಗೆ ಬಗ್ಗುತ್ತಿಲ್ಲವಾ? ಇದೇ ಥರದ ಬಾಕ್ಸ್ ಇರುವವರು ಯಾರಾದರೂ ನೋಡಿ ಹೇಳುತ್ತೀರಾ?